ಮೆತ್ತನೆಯ ಜೇಡಿಮಣ್ಣಿನಲ್ಲಿ ವೇನ್ ಶಿಯರ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ವೇನ್ ಪರೀಕ್ಷೆ ಎಂದರೆ ಸೈಟಿನಲ್ಲಿ ಏನು ಮಾಡುತ್ತಾರೆ?

ಒಂದು ಉಕ್ಕಿನ ದಂಡದ ತುದಿಯಲ್ಲಿ ನಾಲ್ಕು ತೆಳುವಾದ ಆಯತಾಕಾರದ ರೆಕ್ಕೆಗಳಿರುತ್ತವೆ. ಮೇಲಿನಿಂದ ನೋಡಿದರೆ ಅವು ಕೂಡಿಸುವ ಚಿಹ್ನೆಯಂತೆ ಕಾಣುತ್ತವೆ. ಇದೇ ವೇನ್. ಇದನ್ನು ಬೇಕಾದ ಆಳದಲ್ಲಿ ಜೇಡಿಯೊಳಗೆ ನೇರವಾಗಿ ಒತ್ತಿ ಇಳಿಸಿ, ನೆಲದ ಮೇಲಿರುವ ಟಾರ್ಕ್ ಹೆಡ್‌ನಿಂದ ಬಹಳ ನಿಧಾನವಾಗಿ ತಿರುಗಿಸುತ್ತಾರೆ. ತಿರುಗಿಸಲು ಬೇಕಾಗುವ ಟಾರ್ಕ್ ಏರುತ್ತಾ ಹೋಗಿ, ಒಂದು ಹಂತದಲ್ಲಿ ಗರಿಷ್ಠ ಮುಟ್ಟಿ, ಆಮೇಲೆ ಇಳಿಯುತ್ತದೆ. ಆ ಗರಿಷ್ಠದ ಹೊತ್ತಿಗೆ ರೆಕ್ಕೆಗಳ ಸುತ್ತಲಿನ ಮಣ್ಣು ಒಂದು ಸಿಲಿಂಡರಿನ ಆಕಾರದಲ್ಲಿ ಕತ್ತರಿಸಿಕೊಂಡಿರುತ್ತದೆ. ಸಿಲಿಂಡರಿನ ಮೇಲ್ಮೈ ಎಷ್ಟೆಂದು ಗೊತ್ತು, ಟಾರ್ಕ್ ಎಷ್ಟೆಂದು ಗೊತ್ತು. ಹಾಗಾಗಿ ಮಣ್ಣು ಕತ್ತರಿಸಲು ಒಡ್ಡಿದ ಪ್ರತಿರೋಧವನ್ನು ನೇರವಾಗಿ ಲೆಕ್ಕ ಹಾಕಬಹುದು.

ಭಾರತದಲ್ಲಿ ಇದಕ್ಕೆ IS 4434 ಸಂಹಿತೆ ಇದೆ. ಪ್ರಯೋಗಾಲಯದ ಪುಟ್ಟ ವೇನ್‌ಗೆ IS 2720ರ ಭಾಗ 30 ಬೇರೆಯೇ ಇದೆ. ಎರಡನ್ನೂ ಬೆರೆಸಬಾರದು. ಇಲ್ಲಿ ಹೇಳುವುದೆಲ್ಲ ಸೈಟಿನ ಪರೀಕ್ಷೆಯ ಬಗ್ಗೆ.

'ಅಂಡ್ರೇನ್ಡ್' ಬಲ ಎಂದು ಯಾಕೆ ಹೇಳುತ್ತೀರಿ?

ನೀರು ತುಂಬಿದ ಜೇಡಿಯಲ್ಲಿ ಕಣಗಳ ನಡುವಿನ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರು ಹೊರಬರಲು ತಿಂಗಳು, ವರ್ಷಗಳೇ ಬೇಕು. ವೇನ್ ತಿರುಗಿ ಮಣ್ಣು ಮುರಿಯುವುದು ಕೆಲವೇ ನಿಮಿಷಗಳಲ್ಲಿ. ಅಷ್ಟರಲ್ಲಿ ನೀರು ಅಲುಗುವುದಿಲ್ಲ, ಮಣ್ಣಿನ ಗಾತ್ರ ಬದಲಾಗುವುದಿಲ್ಲ. ಈ ಸ್ಥಿತಿಯಲ್ಲಿ ಮಣ್ಣು ತೋರಿಸುವ ಬಲವೇ ಅಂಡ್ರೇನ್ಡ್ ಶಿಯರ್ ಬಲ. ಮೆತ್ತನೆಯ ಜೇಡಿಯ ಮೇಲೆ ರಸ್ತೆ ಏರಿಗೆ ಮಣ್ಣು ಸುರಿದಾಗ ಕುಸಿತದ ಅಪಾಯ ಹೆಚ್ಚಿರುವುದು ಆ ಮೊದಲ ದಿನಗಳಲ್ಲೇ. ಆದ್ದರಿಂದ ವಿನ್ಯಾಸಕ್ಕೆ ಬೇಕಾದದ್ದೂ ಇದೇ ಬಲ.

ಇದರಿಂದ ಒಂದು ಮಿತಿಯೂ ಹುಟ್ಟುತ್ತದೆ. ಹೂಳುಮಣ್ಣಿನಲ್ಲಿ ಅಥವಾ ಮರಳಿನ ಪದರಗಳು ಬೆರೆತ ಜಾಗದಲ್ಲಿ ಪರೀಕ್ಷೆ ನಡೆಯುವಷ್ಟರಲ್ಲೇ ನೀರು ಸ್ವಲ್ಪ ಹೊರಬಿದ್ದುಬಿಡುತ್ತದೆ. ಆಗ ಬರುವ ಅಂಕಿ ಅಂಡ್ರೇನ್ಡ್ ಬಲವಲ್ಲ, ಪೂರ್ತಿ ಡ್ರೇನ್ಡ್ ಬಲವೂ ಅಲ್ಲ. ಅದನ್ನು ಯಾವ ಲೆಕ್ಕಕ್ಕೂ ಬಳಸಲಾಗದು.

ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸಿದರೆ ಸಾಲದೇ?

ಹತ್ತು ಕಿಲೋಪ್ಯಾಸ್ಕಲ್ ಬಲದ ಜೇಡಿ ಬೆರಳಿನ ಒತ್ತಡಕ್ಕೇ ಒಳಗೆ ಹೋಗುವಷ್ಟು ಮೆತ್ತಗಿರುತ್ತದೆ. ಅದನ್ನು ಟ್ಯೂಬಿನಲ್ಲಿ ಹಿಡಿದು, ಮೇಲೆತ್ತಿ, ಜೀಪಿನಲ್ಲಿ ಕುಲುಕಿಸಿ, ಲ್ಯಾಬಿನಲ್ಲಿ ಹೊರತಳ್ಳಿ, ಕೊಯ್ದು ನಿಲ್ಲಿಸುವ ಹೊತ್ತಿಗೆ ಮಣ್ಣಿನ ಮೂಲ ರಚನೆ ಬಹಳಷ್ಟು ಕೆಟ್ಟಿರುತ್ತದೆ. ಟ್ರೈಆಕ್ಸಿಯಲ್ ಫಲಿತಾಂಶಗಳು ಚದುರಿ ಬರುವುದು, ಒಂದೇ ಆಳದ ಎರಡು ಸ್ಯಾಂಪಲ್‌ಗಳು ಬೇರೆ ಬೇರೆ ಹೇಳುವುದು ಇದರಿಂದಲೇ. ವೇನ್ ಮಣ್ಣನ್ನು ಅದರ ಜಾಗದಲ್ಲೇ, ಅದರ ಮೇಲಿನ ಒತ್ತಡ ಹಾಗೇ ಇರುವಾಗ ಪರೀಕ್ಷಿಸುತ್ತದೆ. ಕೊಚ್ಚಿಯ ಹಿನ್ನೀರಿನ ಜೇಡಿ, ನವಿ ಮುಂಬಯಿಯ ಕಡಲ ಜೇಡಿ, ನಮ್ಮ ಕರಾವಳಿಯ ಅಳಿವೆಗಳ ಕೆಸರು ಜೇಡಿ ಇಂಥವುಗಳಲ್ಲಿ ವೇನ್ ಇಲ್ಲದ ತನಿಖೆ ಅರೆಬರೆಯೇ.

ಹಾಗೆಂದು ಸ್ಯಾಂಪಲ್ ಬೇಡವೆಂದಲ್ಲ. ವೇನ್ ಮಣ್ಣನ್ನು ಮೇಲೆ ತರುವುದಿಲ್ಲ. ಆ ಆಳದಲ್ಲಿ ಏನಿದೆ, ಅದರ ಪ್ಲಾಸ್ಟಿಸಿಟಿ ಎಷ್ಟು ಎಂದು ತಿಳಿಯಲು ಪಕ್ಕದ ಬೋರಿನ ಸ್ಯಾಂಪಲ್ ಬೇಕೇ ಬೇಕು. ಅದಿಲ್ಲದಿದ್ದರೆ ಮುಂದೆ ಹೇಳುವ ತಿದ್ದುಪಡಿಯನ್ನೇ ಮಾಡಲಾಗದು.

ಯಾವ ಅಳತೆಯ ವೇನ್ ಬಳಸಬೇಕು?

ಎತ್ತರವು ವ್ಯಾಸದ ಎರಡರಷ್ಟು ಇರುವ ವೇನ್ ರೂಢಿ. ತುಂಬ ಮೆತ್ತನೆಯ ಜೇಡಿಗೆ 65 ಮಿಮೀ ವ್ಯಾಸ, 130 ಮಿಮೀ ಎತ್ತರದ್ದು ಚೆನ್ನಾಗಿ ಹೊಂದುತ್ತದೆ. ಬಲ ಐದಾರು ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇರಬಹುದು ಎನಿಸಿದರೆ 75 ಮಿಮೀ ವ್ಯಾಸದ್ದಕ್ಕೆ ಹೋಗಿ. ಟಾರ್ಕ್ ವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದೇ ಮಣ್ಣಿಗೆ ಒಂದೂವರೆ ಪಟ್ಟು ಹೆಚ್ಚು ಟಾರ್ಕ್ ಸಿಗುತ್ತದೆ, ರಾಡಿನ ಘರ್ಷಣೆಯ ಎದುರು ಅದು ಎದ್ದು ಕಾಣುತ್ತದೆ.

ವ್ಯಾಸಕ್ಕಿಂತ ಹೆಚ್ಚು ಜನ ಮರೆಯುವುದು ರೆಕ್ಕೆಯ ದಪ್ಪವನ್ನು. ವೇನ್ ಇಳಿಯುವಾಗ ತನ್ನ ಲೋಹದಷ್ಟು ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದಷ್ಟೂ ಅಳೆಯಬೇಕಾದ ಮಣ್ಣೇ ಕೆಡುತ್ತದೆ. ಇದನ್ನು ಏರಿಯಾ ರೇಷಿಯೋದಿಂದ ಅಳೆಯುತ್ತಾರೆ:

```
Ar = [8t(D − d) + πd²] / (πD²)
```

ಇಲ್ಲಿ t ರೆಕ್ಕೆಯ ದಪ್ಪ, D ವೇನ್‌ನ ವ್ಯಾಸ, d ರೆಕ್ಕೆಗಳು ಸೇರುವ ದಂಡದ ವ್ಯಾಸ. 65 ಮಿಮೀ ವೇನ್‌ಗೆ ದಂಡ 12.5 ಮಿಮೀ, ರೆಕ್ಕೆ 2 ಮಿಮೀ ಇದ್ದರೆ ಇದು ಶೇ. 10 ಬರುತ್ತದೆ. ಅದೇ ವೇನ್‌ಗೆ ಸ್ಥಳೀಯ ವರ್ಕ್‌ಶಾಪಿನಲ್ಲಿ 3 ಮಿಮೀ ಪ್ಲೇಟು ಬೆಸೆದರೆ ಶೇ. 13 ದಾಟುತ್ತದೆ. ಶೇ. 12ರೊಳಗೆ ಇಟ್ಟುಕೊಳ್ಳುವುದು ಒಳ್ಳೆಯ ಗುರಿ. ಕಲಸಿದರೆ ಬಲ ಬಹಳ ಕಳೆದುಕೊಳ್ಳುವ ಸೆನ್ಸಿಟಿವ್ ಜೇಡಿಯಲ್ಲಿ ದಪ್ಪ ರೆಕ್ಕೆಯ ವೇನ್ ನಿಜವಾದ ಬಲಕ್ಕಿಂತ ಕಡಿಮೆ ತೋರಿಸುತ್ತದೆ. ರಿಪೋರ್ಟು ನೋಡಿದವರಿಗೆ ಕಾರಣ ಎಂದೂ ಗೊತ್ತಾಗುವುದಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಮೊದಲು ವರ್ನಿಯರ್ ಹಿಡಿದು ರೆಕ್ಕೆಯನ್ನು ಅಳೆಯಿರಿ. ಬಾಗಿದ, ಅಂಚು ಮಡಚಿದ ರೆಕ್ಕೆಯ ವೇನನ್ನು ಪಕ್ಕಕ್ಕಿಡಿ.

ಹಂತಗಳನ್ನು ಕ್ರಮವಾಗಿ ಹೇಳುವಿರಾ?

ಬೋರ್‌ಹೋಲಿನಲ್ಲಿ ಮಾಡುವುದಾದರೆ ಕೇಸಿಂಗ್ ಇಳಿಸಿ, ಒಳಗಿನ ಮಣ್ಣನ್ನು ಪರೀಕ್ಷೆಯ ಆಳಕ್ಕಿಂತ ಮೇಲೆಯೇ ನಿಲ್ಲುವಂತೆ ತೆಗೆಯಬೇಕು. ಬೋರಿನ ಒಳಗೆ ನೀರು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ತಳದ ಮಣ್ಣು ಉಬ್ಬಿ ಸಡಿಲವಾಗುತ್ತದೆ. ವೇನನ್ನು ಬೋರಿನ ತಳದಿಂದ ಕನಿಷ್ಠ ಬೋರಿನ ವ್ಯಾಸದ ಐದರಷ್ಟು ಕೆಳಕ್ಕೆ ಒತ್ತಬೇಕು. 100 ಮಿಮೀ ಬೋರಾದರೆ ಅರ್ಧ ಮೀಟರು. ಒತ್ತುವುದು ಒಂದೇ ಸಮನೆ, ಕೈಯಿಂದ ಅಥವಾ ಜ್ಯಾಕಿನಿಂದ. ಸುತ್ತಿಗೆಯಿಂದ ಹೊಡೆಯುವುದು, ಇಳಿಸುವಾಗ ತಿರುಗಿಸುವುದು ಎರಡೂ ಕೂಡದು. ವೇನ್ ಇಳಿಯದಿದ್ದರೆ ಅಲ್ಲಿ ಮೆತ್ತನೆಯ ಜೇಡಿ ಇಲ್ಲವೆಂದೇ ಅರ್ಥ. ಆ ಆಳವನ್ನು ಬರೆದಿಟ್ಟು ಮುಂದೆ ಸಾಗಬೇಕು.

ವೇನ್ ಜಾಗಕ್ಕೆ ಬಂದ ಮೇಲೆ ಐದು ನಿಮಿಷದೊಳಗೆ ತಿರುಗಿಸಲು ಶುರು ಮಾಡಬೇಕು. ಇಳಿಸುವಾಗ ರೆಕ್ಕೆಗಳ ಸುತ್ತ ನೀರಿನ ಒತ್ತಡ ಏರಿರುತ್ತದೆ. ತಡಮಾಡಿದರೆ ಅದು ಕರಗಿ, ಅಲ್ಲಿನ ಮಣ್ಣು ಬಿಗಿಯಾಗಿ, ಬಲ ಹೆಚ್ಚು ಕಾಣುತ್ತದೆ. ಸಂಜೆ ವೇನ್ ಇಳಿಸಿಟ್ಟು ಬೆಳಿಗ್ಗೆ ಬಂದು ತಿರುಗಿಸಿದರೆ ಬರುವ ಅಂಕಿ ಆ ನೆಲದ್ದಲ್ಲ, ವೇನ್ ತಾನೇ ಬಿಗಿಗೊಳಿಸಿದ ಮಣ್ಣಿನದ್ದು.

ತಿರುಗಿಸುವ ವೇಗ ಸೆಕೆಂಡಿಗೆ 0.1 ಡಿಗ್ರಿ, ಅಂದರೆ ನಿಮಿಷಕ್ಕೆ 6 ಡಿಗ್ರಿ. ಈ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತಿಗೆ ಒಂದು ಗಂಟೆ ಬೇಕು. ಅಷ್ಟು ನಿಧಾನ. ಗೇರ್ ಇರುವ ಹೆಡ್ ಆದರೆ ಹಿಡಿಕೆಯ ಒಂದು ಸುತ್ತಿಗೆ ವೇನ್ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಮೊದಲೇ ತಿಳಿದು, ಸ್ಟಾಪ್‌ವಾಚ್ ಹಿಡಿದು ತಿರುಗಿಸಬೇಕು. ಮೆತ್ತನೆಯ ಜೇಡಿ ಸಾಮಾನ್ಯವಾಗಿ ಎರಡರಿಂದ ಐದು ನಿಮಿಷದಲ್ಲಿ ಗರಿಷ್ಠ ಮುಟ್ಟುತ್ತದೆ. ಆಳ ಹೆಚ್ಚಿದಂತೆ ರಾಡುಗಳೇ ಸ್ವಲ್ಪ ತಿರುಚಿಕೊಳ್ಳುವುದರಿಂದ ಮೇಲೆ ತಿರುಗಿದಷ್ಟು ಕೆಳಗೆ ವೇನ್ ತಿರುಗಿರುವುದಿಲ್ಲ. ಹಾಗಾಗಿ ಕೋನ ಮತ್ತು ಟಾರ್ಕ್ ಎರಡನ್ನೂ 15 ಅಥವಾ 30 ಸೆಕೆಂಡಿಗೊಮ್ಮೆ ಬರೆದುಕೊಳ್ಳಿ. ಬರೀ ಗರಿಷ್ಠ ಅಂಕಿ ಬರೆದರೆ ಆಮೇಲೆ ಅನುಮಾನ ಬಂದಾಗ ನೋಡಲು ಏನೂ ಉಳಿಯುವುದಿಲ್ಲ.

ಗರಿಷ್ಠ ದಾಟಿದ ಮೇಲೆ ವೇನನ್ನು ವೇಗವಾಗಿ ಹತ್ತು ಸುತ್ತು ತಿರುಗಿಸಿ, ಒಂದು ನಿಮಿಷದೊಳಗೆ ಮತ್ತೆ ಹಿಂದಿನ ನಿಧಾನ ವೇಗದಲ್ಲಿ ಪರೀಕ್ಷೆ ಮಾಡಬೇಕು. ಇದು ಕಲಸಿದ ಮಣ್ಣಿನ ಬಲ, ಅಂದರೆ ರಿಮೋಲ್ಡೆಡ್ ಬಲ. ಗರಿಷ್ಠವನ್ನು ಇದರಿಂದ ಭಾಗಿಸಿದರೆ ಸೆನ್ಸಿಟಿವಿಟಿ. ಮುಂದಿನ ಪರೀಕ್ಷೆಯನ್ನು ಕನಿಷ್ಠ ಅರ್ಧ ಮೀಟರು ಕೆಳಗೆ ಮಾಡಿ.

ರಾಡಿನ ಘರ್ಷಣೆಯನ್ನು ಹೇಗೆ ಕಳೆಯುವುದು?

ಟಾರ್ಕ್ ಹೆಡ್ ಅಳೆಯುವುದು ವೇನ್ ಒಂದರ ಟಾರ್ಕ್ ಅಲ್ಲ. ರಾಡುಗಳು ಮಣ್ಣಿಗೆ, ಕೇಸಿಂಗಿಗೆ ತಾಗಿ ಉಂಟಾಗುವ ಘರ್ಷಣೆಯೂ ಸೇರಿರುತ್ತದೆ. ಕೆಲವು ಉಪಕರಣಗಳಲ್ಲಿ ವೇನ್ ಮತ್ತು ರಾಡಿನ ನಡುವೆ ಸ್ಲಿಪ್ ಕಪ್ಲಿಂಗ್ ಇರುತ್ತದೆ. ಮೊದಲ 15 ಡಿಗ್ರಿಯಷ್ಟು ರಾಡು ಮಾತ್ರ ತಿರುಗುತ್ತದೆ, ವೇನ್ ಸುಮ್ಮನಿರುತ್ತದೆ. ಆಗ ಓದಿದ್ದು ಶುದ್ಧ ಘರ್ಷಣೆ. ಕಪ್ಲಿಂಗ್ ಇಲ್ಲದಿದ್ದರೆ ವೇನ್ ಇಲ್ಲದ ರಾಡನ್ನು ಅದೇ ಆಳಕ್ಕೆ ಇಳಿಸಿ ತಿರುಗಿಸಿ ನೋಡಬೇಕು.

ಮೆತ್ತನೆಯ ಜೇಡಿಯಲ್ಲಿ ಇದನ್ನು ಬಿಟ್ಟರೆ ಗರಿಷ್ಠ ಬಲದಲ್ಲಿ ತಪ್ಪು ಸಣ್ಣದು ಎನಿಸಬಹುದು. ಆದರೆ ರಿಮೋಲ್ಡೆಡ್ ಬಲದಲ್ಲಿ ಅದು ಲೆಕ್ಕವನ್ನೇ ತಿರುವುಮುರುವು ಮಾಡುತ್ತದೆ. ಕೆಳಗಿನ ಉದಾಹರಣೆಯಲ್ಲಿ ಇದು ಕಾಣುತ್ತದೆ.

ಟಾರ್ಕಿನಿಂದ ಬಲಕ್ಕೆ ಬರುವ ಸೂತ್ರ ಯಾವುದು?

ಸಿಲಿಂಡರಿನ ಪಕ್ಕದ ಮೇಲ್ಮೈ ಮತ್ತು ಮೇಲಿನ, ಕೆಳಗಿನ ಎರಡು ತುದಿಗಳು ಒಟ್ಟಿಗೆ ಪ್ರತಿರೋಧ ಒಡ್ಡುತ್ತವೆ ಎಂದು ಇಟ್ಟುಕೊಂಡರೆ, ಟಾರ್ಕ್ T, ಅಂಡ್ರೇನ್ಡ್ ಬಲ su, ವೇನ್‌ನ ಎತ್ತರ H ಆಗಿ:

```
T = su · π · (D²H/2 + D³/6)
H = 2D ಆದಾಗ:  su = 6T / (7πD³)
```

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಎತ್ತರ ವ್ಯಾಸದ ಎರಡರಷ್ಟಾದಾಗ ಟಾರ್ಕಿನ ಏಳರಲ್ಲಿ ಆರು ಪಾಲು, ಅಂದರೆ ಶೇ. 86 ಪಕ್ಕದ ಲಂಬ ಮೇಲ್ಮೈಯಿಂದಲೇ ಬರುತ್ತದೆ. ತುದಿಗಳಿಂದ ಶೇ. 14 ಮಾತ್ರ. ಹಾಗಾಗಿ ತುದಿಗಳಲ್ಲಿ ಒತ್ತಡ ಸಮನಾಗಿ ಹಂಚಿದೆಯೇ, ತ್ರಿಕೋನದಂತಿದೆಯೇ ಎಂಬ ಚರ್ಚೆಯಿಂದ ಉತ್ತರ ಶೇ. 4ರಷ್ಟೂ ಬದಲಾಗುವುದಿಲ್ಲ. ಆದರೆ ವೇನ್ ಅಳೆಯುತ್ತಿರುವುದು ಬಹುಪಾಲು ಲಂಬ ತಲದ ಬಲವನ್ನು ಎಂಬುದನ್ನು ನೆನಪಿಡಿ. ತಿದ್ದುಪಡಿಯ ಒಂದು ಕಾರಣ ಅಲ್ಲಿಯೇ ಇದೆ.

65 ಮಿಮೀ ವೇನ್‌ಗೆ ಭಾಜಕ 0.001007 ಘನ ಮೀಟರು. ಅಂದರೆ ನ್ಯೂಟನ್-ಮೀಟರಿನಲ್ಲಿ ಓದಿದ ಟಾರ್ಕೇ ಹೆಚ್ಚೂಕಡಿಮೆ ಕಿಲೋಪ್ಯಾಸ್ಕಲ್‌ನಲ್ಲಿ ಬಲ. ಸೈಟಿನಲ್ಲಿ ನಿಂತಲ್ಲೇ ಪರಿಶೀಲಿಸಲು ಇದು ಬಹಳ ಅನುಕೂಲ. 50 ಮಿಮೀಗೆ ಭಾಜಕ 0.000458, 75 ಮಿಮೀಗೆ 0.001546. ಹಳೆಯ ಹೆಡ್‌ಗಳು ಕೆಜಿ-ಸೆಂಮೀಯಲ್ಲಿ ಓದುತ್ತವೆ. 1 ಕೆಜಿ-ಸೆಂಮೀ ಎಂದರೆ 0.0981 ನ್ಯೂಟನ್-ಮೀಟರು. ಹತ್ತು ಪಟ್ಟಿನ ತಪ್ಪುಗಳು ಹೆಚ್ಚಾಗಿ ಇಲ್ಲೇ ನುಸುಳುತ್ತವೆ.

ಇಷ್ಟು ಜಾಗ್ರತೆಯಿಂದ ಅಳೆದ ಮೇಲೆ ಮತ್ತೆ ತಿದ್ದುಪಡಿ ಏಕೆ?

ಯಾಕೆಂದರೆ ಸರಿಯಾಗಿ ಅಳೆದ ವೇನ್ ಬಲವನ್ನೇ ನಂಬಿ ಲೆಕ್ಕ ಹಾಕಿದ ಏರಿಗಳು ಬಿದ್ದಿವೆ. ನಾರ್ವೆಯ ಭೂತಾಂತ್ರಿಕ ಸಂಸ್ಥೆಯ ಮುಖ್ಯಸ್ಥರಾಗಿದ್ದ ಲಾರಿಟ್ಸ್ ಬ್ಯೆರುಮ್ 1972ರಲ್ಲಿ ಕುಸಿದ ಏರಿಗಳನ್ನು ಒಂದೆಡೆ ಸೇರಿಸಿ, ವೇನ್ ಬಲ ಬಳಸಿ ಹಿಂದಿನಿಂದ ಲೆಕ್ಕ ಹಾಕಿದರು. ಕುಸಿದ ಏರಿಯ ಸುರಕ್ಷತಾ ಅಂಶ 1 ಬರಬೇಕು. ಆದರೆ ಹೆಚ್ಚು ಪ್ಲಾಸ್ಟಿಕ್ ಆದ ಜೇಡಿಗಳಲ್ಲಿ ಅದು 1ಕ್ಕಿಂತ ಬಹಳ ಮೇಲೆ ಬಂತು. ಅಂದರೆ ಲೆಕ್ಕದ ಪ್ರಕಾರ ಭದ್ರವಾಗಿ ನಿಲ್ಲಬೇಕಿದ್ದ ಏರಿ ನಿಜದಲ್ಲಿ ಬಿದ್ದಿತ್ತು. ಮಣ್ಣು ಎಷ್ಟು ತೇವಾಂಶದ ವ್ಯಾಪ್ತಿಯಲ್ಲಿ ಮಿದ್ದುವಂತಿರುತ್ತದೆ ಎಂದು ಹೇಳುವ ಪ್ಲಾಸ್ಟಿಸಿಟಿ ಇಂಡೆಕ್ಸ್, ಅಂದರೆ PI, ಏರಿದಂತೆ ಈ ಅಂತರವೂ ಏರುತ್ತಿತ್ತು. ಆ ಅಂತರವನ್ನು ಸರಿದೂಗಿಸುವ ಗುಣಕವೇ μ:

```
su(ವಿನ್ಯಾಸ) = μ · su(ವೇನ್)
μ ≈ 1.7 − 0.54 · log10(PI)
```

ಈ ಸೂತ್ರ ಬ್ಯೆರುಮ್ ಅವರ ವಕ್ರರೇಖೆಗೆ ಹತ್ತಿರ ಹೊಂದುವ ಸಮೀಕರಣ. PI 20ಕ್ಕೆ 1.0, 30ಕ್ಕೆ 0.90, 40ಕ್ಕೆ 0.83, 60ಕ್ಕೆ 0.74, 80ಕ್ಕೆ 0.67, 100ಕ್ಕೆ 0.62 ಬರುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಇದು ಉಪಕರಣದ ದೋಷವನ್ನು ಸರಿಪಡಿಸುವ ಗುಣಕ ಅಲ್ಲ. ದಪ್ಪ ರೆಕ್ಕೆ, ರಾಡಿನ ಘರ್ಷಣೆ, ತಪ್ಪು ವೇಗ ಇವನ್ನೆಲ್ಲ μ ಸರಿಮಾಡುವುದಿಲ್ಲ. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ಇಟ್ಟುಕೊಂಡೇ ಇದನ್ನು ಹಾಕುವುದು.

ಭೌತಿಕವಾಗಿ ಆ ಅಂತರಕ್ಕೆ ಕಾರಣವೇನು?

ಮುಖ್ಯ ಕಾರಣ ಕಾಲ. ವೇನ್ ಮಣ್ಣನ್ನು ಮೂರ್ನಾಲ್ಕು ನಿಮಿಷದಲ್ಲಿ ಮುರಿಯುತ್ತದೆ. ಏರಿಯ ಕೆಳಗಿನ ಮಣ್ಣು ಭಾರ ಹೊತ್ತು ಮುರಿಯಲು ದಿನಗಳು, ವಾರಗಳು ಹಿಡಿಯುತ್ತವೆ. ಜೇಡಿಮಣ್ಣು ಜಿಗುಟಾದ್ದು. ಬೇಗ ಎಳೆದರೆ ಹೆಚ್ಚು ಬಲ ತೋರಿಸುತ್ತದೆ, ನಿಧಾನಕ್ಕೆ ಎಳೆದರೆ ಕಡಿಮೆ ಬಲಕ್ಕೇ ಸೋಲುತ್ತದೆ. ಮುರಿಯುವ ಕಾಲ ಹತ್ತು ಪಟ್ಟು ಹೆಚ್ಚಿದಾಗಲೆಲ್ಲ ಬಲ ಸುಮಾರು ಶೇ. 10ರಷ್ಟು ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಮೂರು ನಿಮಿಷದಿಂದ 10,000 ನಿಮಿಷಕ್ಕೆ, ಅಂದರೆ ಸುಮಾರು ಒಂದು ವಾರಕ್ಕೆ, ಹತ್ತು ಪಟ್ಟಿನ ಸುಮಾರು ಮೂರೂವರೆ ಹೆಜ್ಜೆಗಳ ಅಂತರವಿದೆ. ಬಲದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಬಹುದೆಂಬುದು ಇದರಿಂದಲೇ ಅರ್ಥವಾಗುತ್ತದೆ. ಪ್ಲಾಸ್ಟಿಸಿಟಿ ಹೆಚ್ಚಿರುವ ಜೇಡಿಯಲ್ಲಿ ಈ ಜಿಗುಟುತನ ಹೆಚ್ಚು. PIಗೂ μಗೂ ನಂಟು ಬಂದಿರುವುದು ಇಲ್ಲಿಂದಲೇ.

ಚಾಂಡ್ಲರ್ 1988ರಲ್ಲಿ ಈ ಕಾಲವನ್ನು ಸೂತ್ರದೊಳಗೇ ತಂದರು:

```
μR = 1.05 − b·√PI,   b = 0.015 + 0.0075·log10(tf)
```

tf ನಿಮಿಷಗಳಲ್ಲಿ, ನೆಲ ಮುರಿಯಲು ಹಿಡಿಯುವ ಕಾಲ. PI 60, tf 10,000 ನಿಮಿಷ ಹಾಕಿದರೆ 0.70 ಬರುತ್ತದೆ. ಬ್ಯೆರುಮ್ ರೇಖೆಯ 0.74ಕ್ಕೆ ಹತ್ತಿರವೇ ಇದೆ.

ಎರಡನೆಯ ಕಾರಣ ದಿಕ್ಕು. ಮಣ್ಣು ಎಲ್ಲ ದಿಕ್ಕಿನಲ್ಲೂ ಒಂದೇ ಬಲ ತೋರಿಸುವುದಿಲ್ಲ. ವೇನ್ ಕತ್ತರಿಸುವುದು ಲಂಬ ತಲದಲ್ಲಿ. ಏರಿ ಕುಸಿಯುವಾಗ ಜಾರು ತಲವು ಏರಿಯ ನಡುವಿನ ಕೆಳಗೆ ಕಡಿದಾಗಿ ಇಳಿದು, ಮಧ್ಯದಲ್ಲಿ ಹೆಚ್ಚೂಕಡಿಮೆ ಅಡ್ಡಲಾಗಿ ಸಾಗಿ, ಬುಡದಾಚೆ ಮೇಲೇರುತ್ತದೆ. ಮೂರು ಭಾಗದಲ್ಲೂ ಮಣ್ಣಿನ ಬಲ ಬೇರೆ ಬೇರೆ. ವೇನ್ ಅಂಕಿ ಇವುಗಳ ಸರಾಸರಿ ಅಲ್ಲ. ಕಡಿಮೆ ಪ್ಲಾಸ್ಟಿಸಿಟಿಯ ಜೇಡಿಯಲ್ಲಿ ಈ ದಿಕ್ಕಿನ ವ್ಯತ್ಯಾಸವೇ ಮೇಲುಗೈ ಪಡೆದು μ 1ಕ್ಕಿಂತ ಹೆಚ್ಚೂ ಬರಬಹುದು. ಆದರೆ ವಿನ್ಯಾಸದಲ್ಲಿ 1ಕ್ಕಿಂತ ಹೆಚ್ಚು ತೆಗೆದುಕೊಳ್ಳಲು ಗಟ್ಟಿ ಸ್ಥಳೀಯ ಅನುಭವ ಬೇಕು. ಅದಿಲ್ಲದಿದ್ದರೆ 1ರಲ್ಲೇ ನಿಲ್ಲಿಸಿ.

ಇದರ ಜೊತೆಗೆ ಜಾರು ತಲದ ಎಲ್ಲ ಭಾಗವೂ ಒಂದೇ ಕ್ಷಣದಲ್ಲಿ ಗರಿಷ್ಠ ಮುಟ್ಟುವುದಿಲ್ಲ. ಒಂದು ಕಡೆ ಗರಿಷ್ಠ ದಾಟಿ ಇಳಿಯುವಾಗ ಇನ್ನೊಂದು ಕಡೆ ಇನ್ನೂ ಏರುತ್ತಿರುತ್ತದೆ. ಹಿಂದಿನಿಂದ ಹಾಕಿದ ಲೆಕ್ಕದಲ್ಲಿ ಇದೂ ತಾನಾಗಿ ಸೇರಿಕೊಂಡಿದೆ.

ಒಂದು ಪೂರ್ತಿ ಲೆಕ್ಕ ತೋರಿಸಿ.

ಕಡಲಂಚಿನ ಜೇಡಿಯಲ್ಲಿ 6 ಮೀಟರ್ ಆಳದ ಒಂದು ಮಾದರಿ ಪರೀಕ್ಷೆ ತೆಗೆದುಕೊಳ್ಳೋಣ. ವೇನ್ 65 × 130 ಮಿಮೀ. ನೀರಿನ ಮಟ್ಟ ನೆಲದ ಮಟ್ಟದಲ್ಲೇ ಇದೆ, ಜೇಡಿಯ ತೂಕ ಘನ ಮೀಟರಿಗೆ 15 ಕಿಲೋನ್ಯೂಟನ್, PI 60. ರಾಡಿನ ಘರ್ಷಣೆ 1.5, ಗರಿಷ್ಠ ಓದು 13.6, ಕಲಸಿದ ಮೇಲಿನ ಓದು 4.1, ಎಲ್ಲವೂ ನ್ಯೂಟನ್-ಮೀಟರಿನಲ್ಲಿ.

ಘರ್ಷಣೆ ಕಳೆದರೆ ಗರಿಷ್ಠ ಟಾರ್ಕ್ 12.1, ಬಲ 12.0 ಕಿಲೋಪ್ಯಾಸ್ಕಲ್. ರಿಮೋಲ್ಡೆಡ್ ಟಾರ್ಕ್ 2.6, ಬಲ 2.6 ಕಿಲೋಪ್ಯಾಸ್ಕಲ್. ಸೆನ್ಸಿಟಿವಿಟಿ 4.6ರ ಆಸುಪಾಸು. ಘರ್ಷಣೆ ಕಳೆಯದೇ ಹೋಗಿದ್ದರೆ ಸೆನ್ಸಿಟಿವಿಟಿ 3.3 ಎಂದು ತೋರಿ, ಮಣ್ಣು ನಿಜಕ್ಕಿಂತ ಕಡಿಮೆ ಸೂಕ್ಷ್ಮ ಎಂದು ತಪ್ಪು ತಿಳಿಯುತ್ತಿದ್ದೆವು. ಪೈಲ್ ಹೊಡೆಯುವಾಗ ಸುತ್ತಲಿನ ಮಣ್ಣು ಎಷ್ಟು ಕೆಡುತ್ತದೆ ಎಂಬ ಅಂದಾಜೇ ಆಗ ತಪ್ಪುತ್ತಿತ್ತು.

PI 60ಕ್ಕೆ μ 0.74. ವಿನ್ಯಾಸದ ಬಲ 8.9 ಕಿಲೋಪ್ಯಾಸ್ಕಲ್.

ಇದರಿಂದ ಏರಿಗೆ ಏನಾಗುತ್ತದೆ ನೋಡಿ. ಜೇಡಿಯ ಬಲ ಆಳದುದ್ದಕ್ಕೂ ಒಂದೇ ಇದೆ ಎಂದು ಇಟ್ಟುಕೊಂಡ ಮೊದಲ ಅಂದಾಜಿನಲ್ಲಿ ನೆಲ ಹೊರುವ ಒತ್ತಡ ಬಲದ 5.14 ಪಟ್ಟು. ಏರಿಯ ಮಣ್ಣು ಘನ ಮೀಟರಿಗೆ 18 ಕಿಲೋನ್ಯೂಟನ್. ತಿದ್ದದ 12 ಕಿಲೋಪ್ಯಾಸ್ಕಲ್ ಹಾಕಿದರೆ ಕುಸಿಯುವ ಎತ್ತರ 3.43 ಮೀಟರು. ಸುರಕ್ಷತಾ ಅಂಶ 1.3 ಇಟ್ಟು 2.64 ಮೀಟರ್ ಏರಿಗೆ ಒಪ್ಪಿಗೆ ಕೊಡುತ್ತೇವೆ. ತಿದ್ದಿದ 8.9 ಹಾಕಿದರೆ ಕುಸಿಯುವ ಎತ್ತರವೇ 2.54 ಮೀಟರು. ಕಾಗದದ ಮೇಲೆ 1.3 ಇದ್ದ ಸುರಕ್ಷತಾ ಅಂಶ ನಿಜದಲ್ಲಿ 0.96. ಏರಿ ಪೂರ್ತಿ ಎತ್ತರಕ್ಕೆ ಬರುವ ಮೊದಲೇ ಬುಡದ ನೆಲ ಉಬ್ಬಲು ಶುರುವಾಗುತ್ತದೆ.

ಬಂದ ಅಂಕಿ ನಂಬಬಹುದೇ ಎಂದು ತಿಳಿಯುವುದು ಹೇಗೆ?

ಎರಡು ಸುಲಭ ದಾರಿಗಳಿವೆ. ಒಂದು, ವೇನ್ ಬಲವನ್ನು ಆ ಆಳದ ಎಫೆಕ್ಟಿವ್ ಒತ್ತಡ σ'vಯಿಂದ, ಅಂದರೆ ಮೇಲಿನ ಭಾರದ ಒತ್ತಡದಲ್ಲಿ ನೀರಿನ ಒತ್ತಡ ಕಳೆದು ಉಳಿದದ್ದರಿಂದ, ಭಾಗಿಸಿ. ಈಗಿನದಕ್ಕಿಂತ ಹೆಚ್ಚು ಭಾರವನ್ನು ಹಿಂದೆಂದೂ ಹೊರದ, ಅಂದರೆ ನಾರ್ಮಲಿ ಕನ್ಸಾಲಿಡೇಟೆಡ್ ಜೇಡಿಗೆ ಸ್ಕೆಂಪ್ಟನ್ ಕೊಟ್ಟ ನಂಟು ಹೀಗಿದೆ:

```
su(ವೇನ್) / σ'v = 0.11 + 0.0037·PI
```

ಮೇಲಿನ ಉದಾಹರಣೆಯಲ್ಲಿ ಎಫೆಕ್ಟಿವ್ ಒತ್ತಡ 31 ಕಿಲೋಪ್ಯಾಸ್ಕಲ್, ಅನುಪಾತ 0.39. ಸೂತ್ರ ಹೇಳುವುದು 0.33. ಸ್ವಲ್ಪ ಹೆಚ್ಚಿದೆ, ಅಂದರೆ ಜೇಡಿ ಹಿಂದೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಭಾರ ಹೊತ್ತಿರಬೇಕು. ಅನುಪಾತ 0.33ಕ್ಕಿಂತ ಬಹಳ ಕಡಿಮೆ ಬಂದರೆ ಎರಡರಲ್ಲಿ ಒಂದು: ಪರೀಕ್ಷೆ ಮಣ್ಣನ್ನು ಕೆಡಿಸಿದೆ, ಇಲ್ಲವೇ ಆ ನೆಲ ಇನ್ನೂ ತನ್ನ ಭಾರಕ್ಕೇ ಕುಗ್ಗುತ್ತಿದೆ. ಇತ್ತೀಚೆಗೆ ಮಣ್ಣು ತುಂಬಿಸಿದ ಜಾಗಗಳಲ್ಲಿ ಎರಡನೆಯದನ್ನು ನಿರೀಕ್ಷಿಸಬೇಕು.

ಇನ್ನೊಂದು ದಾರಿ ಮೆಸ್ರಿ ಅವರದ್ದು. ತಿದ್ದಿದ ವೇನ್ ಬಲವು ಜೇಡಿ ಹಿಂದೆ ಹೊತ್ತ ಗರಿಷ್ಠ ಒತ್ತಡದ, ಅಂದರೆ ಪ್ರೀಕನ್ಸಾಲಿಡೇಷನ್ ಒತ್ತಡದ 0.22 ಪಟ್ಟಿಗೆ ಹತ್ತಿರವಿರುತ್ತದೆ, PI ಏನೇ ಇರಲಿ. ನಮ್ಮ ಜೇಡಿಗೆ ಈಡೋಮೀಟರ್ ಪರೀಕ್ಷೆ 40 ಕಿಲೋಪ್ಯಾಸ್ಕಲ್ ಕೊಟ್ಟಿದ್ದರೆ 8.8 ಬರುತ್ತದೆ. 8.9ಕ್ಕೆ ಸರಿಹೊಂದಿತು. ವೇನ್, PI ಕೊಡುವ ಅಟರ್‌ಬರ್ಗ್, ಈಡೋಮೀಟರ್ ಮೂರೂ ಬೇರೆ ಬೇರೆ ಪರೀಕ್ಷೆಗಳು. ಅವು ಒಂದೇ ಮಾತು ಹೇಳಿದರೆ ಅಂಕಿಯನ್ನು ಧೈರ್ಯವಾಗಿ ಬಳಸಬಹುದು.

ಒಂದೇ ಬೋರಿನಲ್ಲಿ ಒಂದು ಅಂಕಿ ಮಾತ್ರ ದಿಢೀರ್ ಹೆಚ್ಚು ಬಂದಿದೆ. ಸರಾಸರಿ ಹಾಕಲೇ?

ಬೇಡ. ಮೊದಲು ಟಾರ್ಕ್–ಕೋನದ ರೇಖೆ ನೋಡಿ. ಶುದ್ಧ ಜೇಡಿಯಲ್ಲಿ ರೇಖೆ ನುಣ್ಣಗೆ ಏರಿ, ಗರಿಷ್ಠ ಮುಟ್ಟಿ, ಇಳಿಯುತ್ತದೆ. ಚಿಪ್ಪು ಅಥವಾ ಮರಳಿನ ಎಳೆ ಸಿಕ್ಕಿದ್ದರೆ ರೇಖೆ ಜಗ್ಗಿ ಜಗ್ಗಿ ಏರುತ್ತದೆ, ಕೆಲವೊಮ್ಮೆ ಗರಿಷ್ಠವೇ ಕಾಣದೆ ಏರುತ್ತಲೇ ಹೋಗುತ್ತದೆ. ಕರಾವಳಿಯ ಜೇಡಿಯಲ್ಲಿ ಚಿಪ್ಪಿನ ಪದರ ಸಾಮಾನ್ಯ. ಬೇರು, ನಾರು ತುಂಬಿದ ಕೊಳೆತ ಮಣ್ಣಿನಲ್ಲಂತೂ ರೆಕ್ಕೆಗಳು ನಾರನ್ನು ಎಳೆಯುತ್ತವೆಯೇ ಹೊರತು ಮಣ್ಣನ್ನು ಕತ್ತರಿಸುವುದಿಲ್ಲ. ಅಲ್ಲಿನ ಅಂಕಿ ಬಲವೇ ಅಲ್ಲ. ಇಂಥವನ್ನು ಪಟ್ಟಿಯಲ್ಲಿ ಕಾರಣದೊಂದಿಗೆ ಬರೆದು, ಲೆಕ್ಕದಿಂದ ಬಿಡಬೇಕು.

ಮೇಲಿನ ಒಂದೆರಡು ಮೀಟರಿನ ಒಣಗಿದ ತೊಗಟೆ ಇನ್ನೊಂದು ಬಲೆ. ಅಲ್ಲಿ ವೇನ್ 30, 40 ಕಿಲೋಪ್ಯಾಸ್ಕಲ್ ತೋರಿಸಬಹುದು. ಆದರೆ ಅದು ಬಿರುಕುಬಿಟ್ಟ ಮಣ್ಣು. ವೇನ್ ಬಿರುಕುಗಳ ನಡುವಿನ ಗಟ್ಟಿ ತುಂಡನ್ನು ಅಳೆಯುತ್ತದೆ, ಏರಿ ಬಿರುಕುಗಳಲ್ಲಿ ಒಡೆಯುತ್ತದೆ. ಇದೇ ಕಾರಣಕ್ಕೆ ಉತ್ತರ ಕರ್ನಾಟಕದ ಬಿರುಕುಬಿಟ್ಟ ಎರೆಮಣ್ಣು ಒಣ ಕಾಲದಲ್ಲಿ ವೇನ್ ಪರೀಕ್ಷೆಗೆ ತಕ್ಕ ಮಣ್ಣಲ್ಲ.

PI ತಪ್ಪಾಗಿದ್ದರೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಜನ ಕೇಳುವುದು ಅಪರೂಪ, ಆದರೆ ಅತಿ ದೊಡ್ಡ ತಪ್ಪು ಆಗುವುದು ಇಲ್ಲಿಯೇ. ಟಾರ್ಕನ್ನು ದಶಮಾಂಶದವರೆಗೆ ಅಳೆದು, PIಯನ್ನು ಎಲ್ಲೋ ಒಣಗಿಸಿದ ಪುಡಿಯಿಂದ ತೆಗೆದರೆ ತಿದ್ದುಪಡಿ ಅರ್ಥ ಕಳೆದುಕೊಳ್ಳುತ್ತದೆ. ಕಡಲ ಜೇಡಿಯನ್ನು ಓವನ್‌ನಲ್ಲಿ ಒಣಗಿಸಿದರೆ ಅದರ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಮತ್ತೆ ನೀರು ಹಾಕಿದರೂ ಪೂರ್ತಿ ಬಿಡಿಯಾಗುವುದಿಲ್ಲ. ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶವಾದ ಲಿಕ್ವಿಡ್ ಲಿಮಿಟ್ ಕುಸಿಯುತ್ತದೆ, ಅದರೊಂದಿಗೆ PIಯೂ. ಕೊಚ್ಚಿಯ ಕಡಲ ಜೇಡಿಯಲ್ಲಿ ಈ ಇಳಿಕೆ ತೀವ್ರವೆಂದು ಚೆನ್ನಾಗಿ ದಾಖಲಾಗಿದೆ.

ನಮ್ಮ ಉದಾಹರಣೆಯ ಜೇಡಿ ಒಣಗಿಸಿದ್ದರಿಂದ PI 60ರ ಬದಲು 25 ತೋರಿಸಿತು ಎನ್ನಿ. μ 0.95 ಆಗುತ್ತದೆ. ವಿನ್ಯಾಸದ ಬಲ 8.9ರ ಬದಲು 11.4. ತಿದ್ದುಪಡಿ ಹಾಕಿದ್ದೇವೆಂಬ ಸಮಾಧಾನವಷ್ಟೇ ಉಳಿದು, ಏರಿ ಹೆಚ್ಚೂಕಡಿಮೆ ತಿದ್ದದ ಬಲದ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಸ್ಯಾಂಪಲ್ಲನ್ನು ತೆಗೆದ ಕೂಡಲೇ ಮೇಣದಿಂದ ಮುಚ್ಚಿ, ಲ್ಯಾಬಿಗೆ "ಒಣಗಿಸದೆ, ಸಹಜ ತೇವದಿಂದಲೇ ಅಟರ್‌ಬರ್ಗ್ ಮಾಡಿ" ಎಂದು ಬರೆದು ಕಳಿಸಿ. ರಿಪೋರ್ಟಿನಲ್ಲಿ ಲಿಕ್ವಿಡ್ ಲಿಮಿಟ್ ನೆಲದ ಸಹಜ ತೇವಾಂಶಕ್ಕಿಂತ ಬಹಳ ಕಡಿಮೆ ಇದ್ದು, ಸೆನ್ಸಿಟಿವಿಟಿ ಮಾತ್ರ ನಾಲ್ಕೈದೇ ಇದ್ದರೆ ಮಣ್ಣನ್ನು ಒಣಗಿಸಿದ್ದಾರೆಂದು ಅನುಮಾನಿಸಿ, ಮತ್ತೆ ಮಾಡಿಸಿ.

PI ಅದೇ ಆಳದ, ಅದೇ ಪದರದ ಮಣ್ಣಿನದ್ದಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. ಇಡೀ ಸೈಟಿಗೆ ಒಂದೇ ಸರಾಸರಿ PI ಹಾಕಿ ಎಲ್ಲ ಆಳಕ್ಕೂ ಒಂದೇ μ ಬಳಸಬೇಡಿ.

μ ಅನ್ನು ಎಲ್ಲೆಲ್ಲಿ ಹಾಕಬಾರದು?

ಸೆನ್ಸಿಟಿವಿಟಿ ಲೆಕ್ಕಕ್ಕೆ ಹಾಕಬಾರದು. ಅದಕ್ಕೆ ತಿದ್ದದ ಗರಿಷ್ಠ, ತಿದ್ದದ ರಿಮೋಲ್ಡೆಡ್ ಬಲಗಳೇ ಬೇಕು. ಟ್ರೈಆಕ್ಸಿಯಲ್ ಅಥವಾ ಅನ್‌ಕನ್‌ಫೈನ್ಡ್ ಪರೀಕ್ಷೆಯ ಬಲಕ್ಕೂ ಹಾಕಬಾರದು. ಈ ಗುಣಕ ವೇನ್‌ಗೆ ಮಾತ್ರ ಹುಟ್ಟಿದ್ದು. ಈಗಾಗಲೇ ತಿದ್ದಿದ ಅಂಕಿಗೆ ಮತ್ತೊಮ್ಮೆ ಹಾಕುವುದು ಆಗಾಗ ಕಾಣುವ ತಪ್ಪು. ತನಿಖೆಯವರು ಪಟ್ಟಿಯಲ್ಲಿ ತಿದ್ದಿದ ಬಲ ಕೊಟ್ಟಿರುತ್ತಾರೆ, ವಿನ್ಯಾಸದವರು ಗೊತ್ತಿಲ್ಲದೆ ಇನ್ನೊಮ್ಮೆ 0.74 ಹಾಕುತ್ತಾರೆ. ಬಲ ಅರ್ಧಕ್ಕಿಳಿದು, ಬೇಕಿಲ್ಲದ ಕಡೆ ಸ್ಟೋನ್ ಕಾಲಂಗಳ ವೆಚ್ಚ ಬೀಳುತ್ತದೆ. ಪಟ್ಟಿಯಲ್ಲಿ ಎರಡೂ ಕಾಲಂ ಇರಲಿ: ಅಳೆದದ್ದು ಒಂದು, ತಿದ್ದಿದ್ದು ಇನ್ನೊಂದು, ನಡುವೆ PI ಮತ್ತು μ.

ಬ್ಯೆರುಮ್ ರೇಖೆ ಏರಿಗಳ ಕುಸಿತದಿಂದ ಬಂದದ್ದರಿಂದ ಅದರ ಸುತ್ತ ಬಿಂದುಗಳು ಚದುರಿವೆ. ಎರಡೂ ಕಡೆ ಶೇ. 20ರಷ್ಟು ವ್ಯತ್ಯಾಸ ಅಸಹಜವಲ್ಲ. ಆದ್ದರಿಂದ μ ಹಾಕಿದ ಮೇಲೂ ಸುರಕ್ಷತಾ ಅಂಶವನ್ನು ಇಳಿಸುವ ಹಾಗಿಲ್ಲ.

ರಿಪೋರ್ಟು ಬಂದಾಗ ಏನೇನು ಕೇಳಬೇಕು?

ವೇನ್‌ನ ವ್ಯಾಸ, ಎತ್ತರ, ರೆಕ್ಕೆಯ ದಪ್ಪ. ಟಾರ್ಕ್ ಹೆಡ್ ಕ್ಯಾಲಿಬ್ರೇಟ್ ಆದ ದಿನಾಂಕ. ರಾಡಿನ ಘರ್ಷಣೆ ಹೇಗೆ ಅಳೆದರು, ಎಷ್ಟು ಬಂತು. ವೇನ್ ಇಳಿಸಿದ ಸಮಯ ಮತ್ತು ತಿರುಗಿಸಲು ಶುರು ಮಾಡಿದ ಸಮಯ. ಟಾರ್ಕ್–ಕೋನದ ರೇಖೆಗಳು. ಅಟರ್‌ಬರ್ಗ್ ಪರೀಕ್ಷೆಗೆ ಮಣ್ಣನ್ನು ಒಣಗಿಸಿದ್ದರೇ ಇಲ್ಲವೇ. ಘರ್ಷಣೆಯ ಕಾಲಂನಲ್ಲಿ ಎಲ್ಲ ಆಳಕ್ಕೂ ಸೊನ್ನೆ ಇದ್ದರೆ, ಅಥವಾ ಎಲ್ಲ ಪರೀಕ್ಷೆಗಳೂ ಸರಿಯಾಗಿ ಒಂದೇ ಕೋನದಲ್ಲಿ ಗರಿಷ್ಠ ಮುಟ್ಟಿದ್ದರೆ, ಫೀಲ್ಡ್ ಪುಸ್ತಕದ ಮೂಲ ಪುಟಗಳನ್ನು ತರಿಸಿ ನೋಡಿ.